‘ಹಕ್ಕು ಉಂಟು, ಉತ್ತರ ಇಲ್ಲ’: ಹೋಫೆಲ್ಡನ ಚೌಕಟ್ಟಿನಲ್ಲಿ ಭಾಷಾ ಅಲ್ಪಸಂಖ್ಯಾತರ ‘ಹಕ್ಕು’

ನಾನು ಸಾಹಿತ್ಯದ ವಿದ್ಯಾರ್ಥಿ, ಕಾನೂನು ಓದಿದವನಲ್ಲ. ಈ ವಿಷಯಕ್ಕೆ ನಾನು ಬಂದದ್ದು ಒಂದು ಶಬ್ದದ ಹಿಂದೆ ಹೋಗಿ. ಆ ಶಬ್ದ ‘ಹಕ್ಕು’.

ಕಾಸರಗೋಡಿನ ನಮ್ಮ ಮನೆಯಲ್ಲಿ ಒಂದು ಘಟನೆ ಆಯಿತು. ಅಜ್ಜ ಜಾಗದ ದಾಖಲೆಯಲ್ಲಿದ್ದ ಒಂದು ತಪ್ಪು ಸರಿಪಡಿಸಲು ಕನ್ನಡದಲ್ಲಿ ಅರ್ಜಿ ಬರೆದು ಒಂದು ಕಚೇರಿಗೆ ಕೊಟ್ಟರು. ಅರ್ಜಿ ತಗೊಂಡರು, ಸೀಲು ಹಾಕಿ ರಶೀದಿಯೂ ಕೊಟ್ಟರು. ಎರಡು ತಿಂಗಳಾದ ಮೇಲೆ ಮಲಯಾಳದಲ್ಲಿ ಉತ್ತರ ಬಂತು. ಅಜ್ಜನಿಗೆ ಮಲಯಾಳ ಮಾತಾಡಲಿಕ್ಕೆ ಬರ್ತದೆ, ಓದಲಿಕ್ಕೆ ಬರುವುದಿಲ್ಲ. “ಕನ್ನಡದಲ್ಲಿ ಅರ್ಜಿ ಕೊಡುವ ಹಕ್ಕು ನಮಗೆ ಉಂಟು ಅಂತ ಸಭೆಗಳಲ್ಲಿ ಹೇಳ್ತಾರೆ. ಹಾಗಾದ್ರೆ ಈ ಕಾಗದ ಯಾರಿಗೆ ಬರೆದದ್ದು ಮಗಾ?” ಅಂತ ನನ್ನನ್ನು ಕೇಳಿದರು. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಹುಡುಕುತ್ತಾ ಹೋದಾಗ ಸಿಕ್ಕವನು ವೆಸ್ಲಿ ಹೋಫೆಲ್ಡ್.

ಹೋಫೆಲ್ಡ್ ಅಮೆರಿಕದ ಕಾನೂನು ಪ್ರಾಧ್ಯಾಪಕ. 1879ರಲ್ಲಿ ಹುಟ್ಟಿ 1918ರಲ್ಲಿ, ಮೂವತ್ತೊಂಬತ್ತನೇ ವಯಸ್ಸಿನಲ್ಲಿ ತೀರಿಹೋದ. ಅವನ ಹೆಸರು ಉಳಿದದ್ದು ಮುಖ್ಯವಾಗಿ 1913 ಮತ್ತು 1917ರಲ್ಲಿ ಯೇಲ್ ಲಾ ಜರ್ನಲ್‌ನಲ್ಲಿ ಪ್ರಕಟವಾದ ಎರಡು ಲೇಖನಗಳಿಂದ. ಅವನ ದೂರು ಒಂದೇ: ನ್ಯಾಯಾಧೀಶರೂ ವಕೀಲರೂ ‘ಹಕ್ಕು’ ಎಂಬ ಒಂದೇ ಶಬ್ದವನ್ನು ನಾಲ್ಕು ಬೇರೆ ಬೇರೆ ಅರ್ಥದಲ್ಲಿ ಬಳಸುತ್ತಾರೆ, ವಾದದ ನಡುವೆ ಒಂದರಿಂದ ಇನ್ನೊಂದಕ್ಕೆ ಜಾರುತ್ತಾರೆ, ಆ ಜಾರುವಿಕೆಯಲ್ಲೇ ತಪ್ಪು ತೀರ್ಮಾನ ಹುಟ್ಟುತ್ತದೆ.

ಅವನ ಮದ್ದು ಏನು ಅಂದ್ರೆ, ಹಕ್ಕನ್ನು ಒಬ್ಬನ ಕೈಯಲ್ಲಿರುವ ವಸ್ತುವಿನ ಹಾಗೆ ನೋಡಬೇಡಿ, ಇಬ್ಬರ ನಡುವಿನ ಸಂಬಂಧವಾಗಿ ನೋಡಿ. ಈ ಬದಿಯಲ್ಲಿ ಒಬ್ಬನಿಗೆ ಏನೋ ಇದೆ ಎಂದರೆ ಆ ಬದಿಯಲ್ಲಿ ಇನ್ನೊಬ್ಬನ ಸ್ಥಿತಿ ಏನು ಎಂದು ಕೇಳಿ. ಅದು ಗೊತ್ತಾದರೆ ಇದು ಯಾವ ಬಗೆಯ ‘ಹಕ್ಕು’ ಅಂತ ಗೊತ್ತಾಗುತ್ತದೆ.

ನಮ್ಮೂರಿನ ಉದಾಹರಣೆಯಿಂದಲೇ ನೋಡುವ. ನಾನು ನಿಮಗೆ ಸಾವಿರ ರೂಪಾಯಿ ಸಾಲ ಕೊಟ್ಟಿದ್ದೇನೆ. ಅದನ್ನು ಕೇಳಿ ಪಡೆಯುವ ಹಕ್ಕು ನನಗಿದೆ, ಕೊಡುವ ಕರ್ತವ್ಯ ನಿಮಗಿದೆ. ಇದು ಮೊದಲ ಜೋಡಿ. ಹೋಫೆಲ್ಡನ ಪ್ರಕಾರ ಕಟ್ಟುನಿಟ್ಟಾದ ಅರ್ಥದಲ್ಲಿ ‘ಹಕ್ಕು’ ಇದು ಮಾತ್ರ. ಇನ್ನು ನನ್ನ ಅಡಿಕೆ ತೋಟದಲ್ಲಿ ನಾನು ಅಡ್ಡಾಡಬಹುದು. ಅಡ್ಡಾಡಬಾರದು ಎನ್ನುವ ಕರ್ತವ್ಯ ನನಗಿಲ್ಲ, ನೀವು “ಅಡ್ಡಾಡಬೇಡ” ಎನ್ನಲಾರಿರಿ. ಅಷ್ಟೇ. ನಾನು ಅಡ್ಡಾಡುವುದಕ್ಕೆ ಸಹಾಯ ಮಾಡುವ ಕರ್ತವ್ಯವೇನೂ ಇದರಿಂದ ನಿಮಗೆ ಬರುವುದಿಲ್ಲ. ಈ ಎರಡನೆಯದಕ್ಕೆ ಅವನು ಇಟ್ಟ ಹೆಸರು ಪ್ರಿವಿಲೇಜ್. ಕನ್ನಡದಲ್ಲಿ ಇದನ್ನು ‘ಸವಲತ್ತು’ ಎಂದು ಅನುವಾದಿಸಿದರೆ ದಾರಿ ತಪ್ಪುತ್ತದೆ. ಸವಲತ್ತು ಎಂದರೆ ಯಾರೋ ಕೊಟ್ಟದ್ದು ಎಂಬ ಅರ್ಥ ನಮ್ಮ ಕಿವಿಯಲ್ಲಿದೆ. ಹಾಗಾಗಿ ನಾನು ‘ಸ್ವಾತಂತ್ರ್ಯ’ ಎನ್ನುತ್ತೇನೆ.

ಮೂರನೆಯದು ಅಧಿಕಾರ. ನಾನು ಅಡಿಕೆ ವ್ಯಾಪಾರಿಗೆ “ಕೆ.ಜಿ.ಗೆ ಇಷ್ಟು, ಸಂಜೆಯೊಳಗೆ ಹೇಳಿ” ಅಂದೆ ಎಂದಿಟ್ಟುಕೊಳ್ಳಿ. ನಾನು ಮಾತು ಹಿಂದೆ ತೆಗೆಯುವ ಮೊದಲು ಆತ “ಆಗಬಹುದು” ಎಂದರೆ ಕರಾರು ಆಗಿಹೋಯಿತು. ಅಡಿಕೆ ಕೊಡುವ ಕರ್ತವ್ಯ ನನ್ನ ಮೇಲೆ ಬಿತ್ತು. ಆತ ಹಾಗೆ ಹೇಳುವವರೆಗೆ ನನಗೆ ಕರ್ತವ್ಯ ಏನೂ ಇರಲಿಲ್ಲ. ಆದರೆ ನನ್ನ ಕಾನೂನಿನ ಸ್ಥಿತಿಯನ್ನು ಒಂದು ಮಾತಿನಿಂದ ಬದಲಿಸುವ ಅಧಿಕಾರ ಅವನ ಕೈಯಲ್ಲಿತ್ತು, ನಾನು ಅದಕ್ಕೆ ಒಳಪಟ್ಟಿದ್ದೆ. ಈ ಒಳಪಡುವಿಕೆಗೆ ಹೋಫೆಲ್ಡ್ ಲಯಬಿಲಿಟಿ ಎನ್ನುತ್ತಾನೆ. ನಮ್ಮಲ್ಲಿ ಆ ಶಬ್ದಕ್ಕೆ ‘ಹೊಣೆ’, ‘ಬಾಧ್ಯತೆ’ ಎಂದು ಬರೆಯುವ ರೂಢಿ. ಆಗ ಅದು ಕರ್ತವ್ಯದ ಜೊತೆ ಕಲಸಿಹೋಗುತ್ತದೆ. ಒಳಪಡುವಿಕೆ ಕೆಟ್ಟದ್ದೇ ಆಗಬೇಕಾಗಿಲ್ಲ. ಯಾರೋ ತಮ್ಮ ವಿಲ್‌ನಲ್ಲಿ ನನ್ನ ಹೆಸರು ಬರೆಯಬಹುದಾದ ಸ್ಥಿತಿಯೂ ಒಳಪಡುವಿಕೆಯೇ!

ನಾಲ್ಕನೆಯದು ಅಧಿಕಾರದ ಎದುರುರೂಪ: ನನ್ನ ಸ್ಥಿತಿಯನ್ನು ಬದಲಿಸುವ ಅಧಿಕಾರ ನಿಮಗಿಲ್ಲ ಎಂದಾದರೆ ನನಗೆ ಇರುವುದು ರಕ್ಷೆ.

ಈ ಚೌಕಟ್ಟು ಬರೀ ಹೆಸರಿಡುವ ಆಟವಲ್ಲ ಎಂದು ತೋರಿಸಲು ಹೋಫೆಲ್ಡ್ 1901ರ ಕ್ವಿನ್ ವಿರುದ್ಧ ಲೇಥಮ್ ಎಂಬ ಪ್ರಕರಣವನ್ನು ಹಿಡಿಯುತ್ತಾನೆ. ಐರ್ಲೆಂಡಿನ ಮಾಂಸದ ವ್ಯಾಪಾರಿ ಲೇಥಮ್ ಸಂಘಕ್ಕೆ ಸೇರದ ಕೆಲಸಗಾರರನ್ನು ಇಟ್ಟುಕೊಂಡಿದ್ದ. ಕಾರ್ಮಿಕ ಸಂಘದವರು ಅವನ ಗಿರಾಕಿಯ ಮೇಲೆ ಒತ್ತಡ ತಂದು ವ್ಯಾಪಾರ ನಿಲ್ಲಿಸಿದರು. ನ್ಯಾಯಮೂರ್ತಿ ಲಿಂಡ್ಲಿ ತನ್ನ ತೀರ್ಪಿನಲ್ಲಿ ಹೇಳಿದ್ದರ ತಾತ್ಪರ್ಯ: ಇಷ್ಟಬಂದವರ ಜೊತೆ ವ್ಯವಹರಿಸುವ ಸ್ವಾತಂತ್ರ್ಯ ಲೇಥಮ್‌ಗೆ ಇದೆ, ಆದ್ದರಿಂದ ಅದಕ್ಕೆ ಅಡ್ಡಿಮಾಡದಿರುವ ಕರ್ತವ್ಯ ಉಳಿದವರಿಗೆ ಇದೆ. ಹೋಫೆಲ್ಡ್ ಆ ‘ಆದ್ದರಿಂದ’ದ ಹತ್ತಿರ ನಿಲ್ಲಿಸುತ್ತಾನೆ. ಸ್ವಾತಂತ್ರ್ಯದ ಎದುರು ಬದಿಯಲ್ಲಿ ಇರುವುದು ‘ಬೇಡ ಎನ್ನುವ ಹಕ್ಕಿಲ್ಲ’ ಎಂಬುದು ಮಾತ್ರ, ಕರ್ತವ್ಯ ಅಲ್ಲ. ಸಂಘದವರಿಗೆ ಅಂಥ ಕರ್ತವ್ಯ ಇದ್ದರೂ ಇರಬಹುದು, ಆದರೆ ಅದಕ್ಕೆ ಬೇರೆ ಕಾರಣ ಕೊಡಬೇಕು. ಸ್ವಾತಂತ್ರ್ಯ ಎಂಬ ಶಬ್ದದಿಂದ ಅದನ್ನು ಹಿಂಡಿ ತೆಗೆಯಲಾಗದು.

ಈಗ ನಮ್ಮದೇ ವಿಷಯಕ್ಕೆ ಬರೋಣ. ಕರ್ನಾಟಕ ಸರ್ಕಾರ 1994ರಲ್ಲಿ ಒಂದು ಆದೇಶ ಹೊರಡಿಸಿತು: ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮ ಆಗಬೇಕು. ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಗಳ ಆಡಳಿತ ಮಂಡಳಿಗಳು ಕೋರ್ಟಿಗೆ ಹೋದವು. 2008ರಲ್ಲಿ ಹೈಕೋರ್ಟಿನ ಪೂರ್ಣ ಪೀಠ, 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟವು. ಸರ್ಕಾರ ಆಧರಿಸಿದ ವಿಧಿಗಳಲ್ಲಿ 350ಎ ಒಂದು. ಭಾಷಾ ಅಲ್ಪಸಂಖ್ಯಾತ ಗುಂಪುಗಳ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಕರ್ಯ ಒದಗಿಸಲು ಪ್ರತಿ ರಾಜ್ಯ ಪ್ರಯತ್ನಿಸಬೇಕು ಎನ್ನುವ ವಿಧಿ ಅದು. ಆ ವಿಧಿಯಿಂದ ಮಾತೃಭಾಷೆಯ ಮಾಧ್ಯಮವನ್ನು ಕಡ್ಡಾಯ ಮಾಡುವ ಅಧಿಕಾರ ರಾಜ್ಯಕ್ಕೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಯಾವ ಮಾಧ್ಯಮ ಎಂದು ಆರಿಸುವ ಸ್ವಾತಂತ್ರ್ಯ ಮಗುವಿಗೆ, ಮಗುವಿನ ಪರವಾಗಿ ತಂದೆತಾಯಿಗೆ, 19(1)(ಎ) ವಿಧಿಯಡಿ ಇದೆ ಎಂದಿತು.

ಈ ತೀರ್ಪು ಕನ್ನಡಕ್ಕೆ ಸೋಲು ಅಂತ ನಾನೂ ಮೊದಲು ಬೇಜಾರು ಮಾಡಿಕೊಂಡಿದ್ದೆ. ಹೋಫೆಲ್ಡನ ಕಣ್ಣಿನಿಂದ ಓದಿದಾಗ ವಾದದ ಬಿರುಕು ಎಲ್ಲಿತ್ತು ಅಂತ ಕಂಡಿತು. 350ಎ ರಾಜ್ಯದ ಮೇಲೆ ಹೊರಿಸುವುದು ಕರ್ತವ್ಯ. ಕರ್ತವ್ಯದ ಎದುರು ಬದಿಯಲ್ಲಿ ಇರಬೇಕಾದದ್ದು ಮಗುವಿನ ಹಕ್ಕು. ಸರ್ಕಾರ ಕಂಡುಕೊಳ್ಳಲು ಹೊರಟದ್ದು ಮಗುವಿನ ಒಳಪಡುವಿಕೆಯನ್ನು. ‘ಒದಗಿಸಬೇಕು’ ಎಂಬಲ್ಲಿಂದ ‘ಒಪ್ಪಿಸಬಹುದು’ ಎಂಬಲ್ಲಿಗೆ ಹಾರಿದ್ದು ಲಿಂಡ್ಲಿಯ ‘ಆದ್ದರಿಂದ’ದಂಥದೇ ಹಾರಿಕೆ. ಬಾವಿ ತೋಡಿ ಕೊಡುವ ಕೆಲಸ ನಿಮ್ಮದು ಎಂದರೆ ನೀರು ಕುಡಿಸುವ ಅಧಿಕಾರವೂ ನಿಮ್ಮದು ಅಂತ ಆಗುವುದಿಲ್ಲ ಅಲ್ವಾ?

ಆದರೆ ಗಡಿಯಾಚೆಯ ನಾವು ಈ ತೀರ್ಪಿನ ಇನ್ನೊಂದು ಮುಖ ನೋಡಬೇಕು. ತಂದೆತಾಯಿಗೆ ಸಿಕ್ಕಿದ್ದು ಆರಿಸುವ ಸ್ವಾತಂತ್ರ್ಯ, ಜೊತೆಗೆ ಸರ್ಕಾರ ಅದನ್ನು ಬದಲಿಸದಂತೆ ಒಂದು ರಕ್ಷೆ. ಅಕ್ಕಲಕೋಟೆಯ ಹಳ್ಳಿಯಲ್ಲಿ ಒಂದು ಮನೆಯವರು ಕನ್ನಡ ಮಾಧ್ಯಮವನ್ನೇ ಆರಿಸಿದರು, ಅಲ್ಲಿ ಕನ್ನಡ ಶಾಲೆ ಇಲ್ಲ ಎಂದಿಟ್ಟುಕೊಳ್ಳಿ. ಆರಿಸುವ ಸ್ವಾತಂತ್ರ್ಯದಿಂದ ಶಾಲೆ ತೆರೆಯುವ ಕರ್ತವ್ಯ ಹುಟ್ಟುವುದಿಲ್ಲ. ಅದಕ್ಕೆ ಮತ್ತೆ 350ಎ ಕಡೆಗೇ ಹೋಗಬೇಕು, ಮತ್ತು ಅಲ್ಲಿರುವ ಕ್ರಿಯಾಪದ ‘ಪ್ರಯತ್ನಿಸಬೇಕು’. ಪ್ರಯತ್ನದ ಕರ್ತವ್ಯ ಮುರಿಯಿತು ಎಂದು ತೋರಿಸುವುದು ಸಾಲ ತೀರಿಸಿಲ್ಲ ಎಂದು ತೋರಿಸಿದಷ್ಟು ಸುಲಭವಲ್ಲ. 30ನೇ ವಿಧಿಯೂ ಹೀಗೇ. ಶಾಲೆ ಸ್ಥಾಪಿಸಿ ನಡೆಸುವ ‘ಹಕ್ಕು’ ಎಂದು ಅಲ್ಲಿ ಬರೆದಿದ್ದರೂ ಅದರ ತಿರುಳು ಸ್ವಾತಂತ್ರ್ಯ ಮತ್ತು ರಕ್ಷೆ. ಅನುದಾನದ ವಿಷಯಕ್ಕೆ ಬಂದರೆ, ಅನುದಾನ ಕೊಡುವಾಗ ಅಲ್ಪಸಂಖ್ಯಾತರ ಶಾಲೆ ಎಂಬ ಕಾರಣಕ್ಕೆ ತಾರತಮ್ಯ ಮಾಡಬಾರದು ಎನ್ನುವಷ್ಟು ಕರ್ತವ್ಯವನ್ನು ಅದರ ಎರಡನೇ ಭಾಗ ರಾಜ್ಯದ ಮೇಲೆ ಹಾಕುತ್ತದೆ.

347ನೇ ವಿಧಿ ಇನ್ನೂ ಸೂಕ್ಷ್ಮ. ಒಂದು ರಾಜ್ಯದ ಜನರಲ್ಲಿ ಗಣನೀಯ ಭಾಗ ತಮ್ಮ ಭಾಷೆಗೆ ಮನ್ನಣೆ ಬಯಸುತ್ತದೆ ಎಂದು ಮನವರಿಕೆಯಾದರೆ, ಬೇಡಿಕೆ ಬಂದಾಗ, ಆ ರಾಜ್ಯದಲ್ಲಿ ಅಥವಾ ಅದರ ಒಂದು ಭಾಗದಲ್ಲಿ ಆ ಭಾಷೆಗೆ ಅಧಿಕೃತ ಮನ್ನಣೆ ಕೊಡಲು ರಾಷ್ಟ್ರಪತಿ ನಿರ್ದೇಶಿಸಬಹುದು. ಇಲ್ಲಿ ಅಧಿಕಾರ ರಾಷ್ಟ್ರಪತಿಯದು, ಒಳಪಡುವುದು ರಾಜ್ಯ. ಕೇಳುವ ನಮಗೆ ಇರುವುದು ಕೇಳುವ ಸ್ವಾತಂತ್ರ್ಯ. ನಿರ್ದೇಶನ ಹೊರಟ ಮೇಲಷ್ಟೇ ರಾಜ್ಯಕ್ಕೆ ಕರ್ತವ್ಯ ಬರುತ್ತದೆ. ನಮ್ಮ ಮನವಿಪತ್ರಗಳಲ್ಲಿ “347ರ ಪ್ರಕಾರ ನಮ್ಮ ಹಕ್ಕನ್ನು ಕೊಡಿ” ಎಂದು ಬರೆಯುವುದನ್ನು ನಾನು ನೋಡಿದ್ದೇನೆ. ಅಲ್ಲಿ ಬರೆಯಬೇಕಾದದ್ದು “ನಿಮ್ಮ ಅಧಿಕಾರ ಚಲಾಯಿಸಿ, ಅದಕ್ಕೆ ಬೇಕಾದ ಸಂಗತಿಗಳು ಇವು” ಎಂದು.

ಈ ಚೌಕಟ್ಟಿಗೆ ಮಿತಿಯೂ ಇದೆ. ಯಾರಿಗೆ ಯಾವ ಹಕ್ಕು ಇರಬೇಕು ಎಂದು ಅದು ಹೇಳುವುದಿಲ್ಲ. ಇದೆ ಎಂದು ಹೇಳಿದ್ದು ಯಾವ ಬಗೆಯದು ಎಂದಷ್ಟೇ ವಿಂಗಡಿಸುತ್ತದೆ. ಅದೂ ಇಬ್ಬಿಬ್ಬರ ಸಂಬಂಧವಾಗಿ. ‘ಭಾಷಾ ಅಲ್ಪಸಂಖ್ಯಾತ ಸಮುದಾಯ’ ಎಂಬ ಸಮೂಹಕ್ಕೆ ಏನಾದರೂ ಇದೆಯೇ, ಇದ್ದರೆ ಅದರ ಪರವಾಗಿ ಯಾರು ಕೇಳಬೇಕು ಎಂಬಲ್ಲಿ ಹೋಫೆಲ್ಡ್ ಹೆಚ್ಚು ನೆರವಾಗುವುದಿಲ್ಲ. ಭಾಷೆ ಒಬ್ಬನ ಸೊತ್ತಲ್ಲವಲ್ಲ, ಹಾಗಾಗಿ ನಮ್ಮ ವಿಷಯದಲ್ಲಿ ಇದು ಸಣ್ಣ ಕೊರತೆ ಅಲ್ಲ.

ಇನ್ನು ಅಜ್ಜನ ಕಾಗದ. 350ನೇ ವಿಧಿಯ ಪ್ರಕಾರ ಯಾರೇ ಆದರೂ ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗೆ ಸಲ್ಲಿಸಬಹುದು. ಇದರ ಎದುರು ಬದಿ ಏನು ಎಂದು ಕೇಳಿ. ಕನ್ನಡದಲ್ಲಿದೆ ಎಂಬ ಕಾರಣಕ್ಕೆ ಅಧಿಕಾರಿ ಅರ್ಜಿಯನ್ನು ತಿರುಗಿಸಿ ಕಳಿಸುವಂತಿಲ್ಲ. ಇಷ್ಟರ ಮಟ್ಟಿಗೆ ಇದು ನಿಜವಾದ ಹಕ್ಕೇ. ಆದರೆ ಉತ್ತರ ಯಾವ ಭಾಷೆಯಲ್ಲಿ ಎಂಬ ಬಗ್ಗೆ ಆ ವಿಧಿಯಲ್ಲಿ ಒಂದು ಅಕ್ಷರವೂ ಇಲ್ಲ. ಸಲ್ಲಿಸುವುದು ಒಂದು ಸಂಬಂಧ, ಉತ್ತರ ಪಡೆಯುವುದು ಇನ್ನೊಂದು. ಎರಡನೆಯದು ಬೇಕಿದ್ದರೆ ರಾಜ್ಯದ ಭಾಷಾ ಕಾಯ್ದೆಯಲ್ಲೋ ಸರ್ಕಾರಿ ಆದೇಶದಲ್ಲೋ ‘ಉತ್ತರಿಸಬೇಕು’ ಎಂಬ ಕ್ರಿಯಾಪದ ಇದೆಯೇ ಎಂದು ಹುಡುಕಬೇಕು, ಯಾವ ಕಚೇರಿಗೆ, ಯಾವ ಪ್ರದೇಶಕ್ಕೆ ಅದು ಅನ್ವಯ ಎಂದು ಗುರುತು ಮಾಡಿಕೊಳ್ಳಬೇಕು.

ನಾನು ಇದನ್ನೆಲ್ಲ ಅಜ್ಜನಿಗೆ ಚಾವಡಿಯಲ್ಲಿ ಕೂತು ವಿವರಿಸಿದೆ. ಅವರು ಕೇಳಿ, “ಅಂದ್ರೆ ಬಾಗಿಲು ತೆಗೀಬೇಕು ಅಂತ ಬರ್ದಿದ್ದಾರೆ, ಮಾತಾಡಿಸ್ಬೇಕು ಅಂತ ಬರೀಲಿಲ್ಲ” ಅಂದರು. ಎರಡನೇ ಅರ್ಜಿಯನ್ನು ನಾವಿಬ್ಬರೂ ಸೇರಿ ಬರೆದೆವು. ಅದರಲ್ಲಿ ‘ನಮ್ಮ ಹಕ್ಕು’ ಎಂಬ ಮಾತು ಇಲ್ಲ. ಯಾವ ಅಧಿಕಾರಿ, ಯಾವ ನಿಯಮದಡಿ, ಯಾವ ಭಾಷೆಯಲ್ಲಿ, ಏನನ್ನು ಮಾಡಬೇಕು ಎಂದು ನಾಲ್ಕು ಸಾಲು ಇದೆ.