ಅಭಿನಂದನೆಯ ಓಲೆ, ಲೆಕ್ಕದ ಚೀಟಿ

ಮಾಘ ಕಳೆದು ಬಿಸಿಲು ಏರತೊಡಗಿತೆಂದರೆ ನಮ್ಮ ತೋವಿನಕೆರೆಯ ಸುತ್ತಿನ ಹಳ್ಳಿಗಳಲ್ಲಿ ಹುಣಸೆಮರ ಬಡಿಯುವ ಸದ್ದು ಕೇಳಿಸುತ್ತದೆ. ಅದರ ಹಿಂದೆಯೇ ಜಗಲಿಗಳ ಮೇಲೆ ಹೆಂಗಸರು ಹಣ್ಣು ಕುಟ್ಟಿ ಬೀಜ ಬಿಡಿಸುವ ಸದ್ದು. ಆ ಹಣ್ಣನ್ನು ಕೊಂಡು ಊರೂರಿಗೆ ಕಳುಹಿಸುವ ವರ್ತಕರಿಗೆ ಬಿಲ್ಲುಪುಸ್ತಕವನ್ನೂ ಚೀಲಕ್ಕೆ ಹಚ್ಚುವ ಚೀಟಿಯನ್ನೂ ಅಚ್ಚುಹಾಕಿಕೊಟ್ಟು ಬಾಳುವೆ ನಡೆಸಿದವನು ನಾನು. ಗಿರಾಕಿಯ ಸಂಸ್ಥೆಯೊಂದು ಹತ್ತನೆಯದೋ ಇಪ್ಪತ್ತೈದನೆಯದೋ ವರ್ಷವನ್ನು ಮುಟ್ಟಿದಾಗ ಅವರನ್ನು ಅಭಿನಂದಿಸುವ ಬಗೆ ಹೇಗೆ ಎಂಬುದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಆ ತಪ್ಪು ನನ್ನದೇ.

ನಮ್ಮಲ್ಲಿ ಅಚ್ಚು ಮಾಡಿಸುತ್ತಿದ್ದ ಹುಣಸೆ ವರ್ತಕರೊಬ್ಬರ ಅಂಗಡಿಗೆ ಹತ್ತು ವರ್ಷ ತುಂಬಿತು. ನಾನು ಒಳ್ಳೆಯ ಕಾಗದದ ಮೇಲೆ, ‘ತಮ್ಮ ಸಂಸ್ಥೆಯು ಉತ್ತರೋತ್ತರ ಅಭಿವೃದ್ಧಿಯನ್ನು ಹೊಂದಲಿ’ ಎಂದು ಬರೆದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಅದು ಬರಿಯ ನೀರಸ ಪತ್ರವಾಗುತ್ತಿತ್ತು. ಆದರೆ ಲಕೋಟೆ ಹೇಗೂ ಹೋಗುತ್ತದೆಯಲ್ಲ ಎಂದು ಕೆಳಗೆ ಇನ್ನೆರಡು ಸಾಲು ಸೇರಿಸಿದೆ: ಮುಂದೆಯೂ ತಮ್ಮ ಕೆಲಸ ನಮಗೇ ಬರಲಿ, ಹಿಂದಿನ ಎರಡು ಬಿಲ್ಲುಗಳ ಬಾಕಿಯತ್ತಲೂ ಗಮನವಿರಲಿ. ಮರುದಿನವೇ ಹುಡುಗನೊಬ್ಬ ಬಂದು ಬಾಕಿಯನ್ನು ಪೈಸೆಪೈಸೆಯಾಗಿ ಎಣಿಸಿಕೊಟ್ಟು ಹೋದ. ಹಣ ಬಂತು, ಕೆಲಸ ಬರಲಿಲ್ಲ. ಆರು ತಿಂಗಳ ಮೇಲೆ ಸಂತೆಯಲ್ಲಿ ಎದುರಾದಾಗ ಕೇಳಿದೆ. ಆ ಹಿರಿಯರು ನಗುತ್ತಲೇ ಹೇಳಿದರು: “ನೀವು ಕಳಿಸಿದ್ದು ಲೆಕ್ಕದ ಚೀಟಿ ಅಲ್ಲವೇ ಸ್ವಾಮಿ? ಲೆಕ್ಕ ತೀರಿಸಿದೆ.”

ಅಭಿನಂದನೆಯ ಜೊತೆಗೆ ಒಂದು ಬೇಡಿಕೆ ಹೋದರೆ ಓದುವವನ ಕಣ್ಣಿಗೆ ಬೇಡಿಕೆಯೇ ನಿಜ, ಅಭಿನಂದನೆ ಅದರ ಪೀಠಿಕೆ. ಮೊದಲ ಹತ್ತು ಸಾಲು ಎಷ್ಟೇ ಮನಸ್ಸಿಟ್ಟು ಬರೆದಿದ್ದರೂ ಕೊನೆಯ ಸಾಲು ಹಿಂದಕ್ಕೆ ಹೋಗಿ ಅವೆಲ್ಲವನ್ನೂ ಸುಳ್ಳಾಗಿಸುತ್ತದೆ. ಬಾಕಿಯನ್ನು ಕೇಳಬಾರದೆಂದಲ್ಲ; ಬೇರೆ ಕಾಗದದಲ್ಲಿ, ಸಮಾರಂಭಕ್ಕೆ ಹದಿನೈದು ದಿನ ಮೊದಲೋ ಅನಂತರವೋ ಕೇಳಬೇಕು. ಹೊಸ ದರಪಟ್ಟಿಗೂ ಇದೇ ಮಾತು ಸಲ್ಲುತ್ತದೆ. ‘ನಮ್ಮ ಸೇವೆಯೂ ಇದರಲ್ಲಿ ಪಾಲುಗೊಂಡಿದೆ’ ಎನ್ನುವುದು ಕೂಡ ಮರೆಯಲ್ಲಿ ನಿಂತು ಕೈಚಾಚುವುದೇ.

ಬೇಡಿಕೆಯನ್ನು ತೆಗೆದುಹಾಕಿದ ಮೇಲೆ ಬರೆಯುವುದೇನು? ಮೊದಲು ಹುಟ್ಟಿದ ವರ್ಷವನ್ನು ಸರಿಯಾಗಿ ತಿಳಿಯಬೇಕು. ಇದು ತೋರುವಷ್ಟು ಸುಲಭವಲ್ಲ. ಅಮ್ಮೆಂಬಳ ಸುಬ್ಬರಾವ್ ಪೈಯವರು ಮಂಗಳೂರಿನಲ್ಲಿ ೧೯೦೬ರಲ್ಲಿ ಸ್ಥಾಪಿಸಿದ್ದು ಕೆನರಾ ಹಿಂದೂ ಪರ್ಮನೆಂಟ್ ಫಂಡ್; ಅದು ಕೆನರಾ ಬ್ಯಾಂಕ್ ಎಂಬ ಹೆಸರನ್ನು ತಳೆದದ್ದು ೧೯೧೦ರಲ್ಲಿ. ಬ್ಯಾಂಕು ತನ್ನ ವಯಸ್ಸನ್ನು ಎಣಿಸುವುದು ೧೯೦೬ರಿಂದ. ಮೈಸೂರು ಸ್ಯಾಂಡಲ್ ಸಾಬೂನಿನ ಕಾರ್ಖಾನೆ ೧೯೧೬ರದು. ಅದನ್ನು ಇಂದು ನಡೆಸುತ್ತಿರುವ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಎಂಬ ಕಂಪೆನಿ ರೂಪುಗೊಂಡದ್ದು ೧೯೮೦ರಲ್ಲಿ. ದಾಖಲೆಯಲ್ಲಿ ಎರಡು ಮೂರು ಜನ್ಮದಿನಗಳಿರಬಹುದು. ಗಿರಾಕಿ ತಾನೇ ಯಾವುದನ್ನು ತನ್ನದೆಂದು ಎಣಿಸುತ್ತಾನೋ ಅದನ್ನೇ ನಾವೂ ಎಣಿಸಬೇಕು. ಅವರ ಆಹ್ವಾನಪತ್ರಿಕೆಯನ್ನೋ ಬಿಲ್ಲಿನ ತಲೆಯನ್ನೋ ನೋಡಿದರೆ ಅದು ಗೊತ್ತಾಗುತ್ತದೆ. ಇಪ್ಪತ್ತೈದನೆಯ ವರ್ಷಕ್ಕೆ ಕಾಲಿಡುವುದೇ ಬೇರೆ, ಇಪ್ಪತ್ತೈದು ತುಂಬುವುದೇ ಬೇರೆ. ನಡುವೆ ಒಂದು ವರ್ಷದ ಅಂತರವಿದೆ. ಇಲ್ಲಿ ಎಡವಿದ ಪತ್ರ, ಬರೆದವನು ನಮ್ಮನ್ನು ಬಲ್ಲವನಲ್ಲ ಎಂದು ಮೊದಲ ಸಾಲಿನಲ್ಲಿಯೇ ಸಾರಿಬಿಡುತ್ತದೆ.

ಎರಡನೆಯದು ಇದಕ್ಕಿಂತ ಮುಖ್ಯ. ಆ ಸಂಸ್ಥೆಯ ವಿಷಯದಲ್ಲಿ ನಾವು ಕಣ್ಣಾರೆ ಕಂಡ, ನಾವಲ್ಲದೆ ಬೇರೆಯವರು ಬರೆಯಲಾರದ ಒಂದು ಸಂಗತಿ ಪತ್ರದಲ್ಲಿರಬೇಕು. ಒಂದೇ ಸಾಕು. ಸಂತೆಯ ಭೇಟಿಯ ನಂತರ ಆ ವರ್ತಕರ ಕೆಲಸ ನಿಧಾನವಾಗಿ ನಮ್ಮಲ್ಲಿಗೆ ಮರಳಿತು. ಮುಂದೆ ಅವರ ಅಂಗಡಿ ಕಂಪೆನಿಯಾಯಿತು, ಬೆಳ್ಳಿಹಬ್ಬವೂ ಬಂತು. ಈ ಸಲ ಬರೆಯುವ ಮುನ್ನ ಹಳೆಯ ಕಡತವನ್ನು ತೆಗೆದು, ಅವರಿಗಾಗಿ ಅಚ್ಚುಹಾಕಿದ ಮೊದಲ ಬಿಲ್ಲಿನ ಕರಡನ್ನು ನೋಡಿದೆ. ಆ ಕಾಲಕ್ಕೆ ಎಲ್ಲ ಬಿಲ್ಲುಗಳ ಅಡಿಯಲ್ಲಿಯೂ ‘ಮಾರಿದ ಸರಕನ್ನು ಹಿಂದಕ್ಕೆ ಪಡೆಯುವುದಿಲ್ಲ’ ಎಂಬ ಸಾಲನ್ನು ನಾವು ಕೇಳದೆಯೇ ಜೋಡಿಸುತ್ತಿದ್ದೆವು. ಅವರು ಅದನ್ನು ಹೊಡೆದುಹಾಕಿ, ‘ತೂಕದಲ್ಲಿ ವ್ಯತ್ಯಾಸ ಕಂಡರೆ ಎಂಟು ದಿನದೊಳಗೆ ತಿಳಿಸಿರಿ’ ಎಂದು ಸೀಸದಕಡ್ಡಿಯಲ್ಲಿ ಬರೆದಿದ್ದರು. ಹುಣಸೆಹಣ್ಣು ಒಣಗುತ್ತ ಹೋದಂತೆ ತೂಕವನ್ನು ಕಳೆದುಕೊಳ್ಳುವ ಸರಕು. ಆ ನಷ್ಟವನ್ನು ಕೊಂಡವನ ತಲೆಗೆ ಕಟ್ಟುವುದು ಸುಲಭ, ಅವರು ಕಟ್ಟಲಿಲ್ಲ. ನನ್ನ ಪತ್ರ ಹೀಗಿತ್ತು:

‘ಮಾನ್ಯರೇ, ತಮ್ಮ ಸಂಸ್ಥೆಗೆ ಇಪ್ಪತ್ತೈದು ವರ್ಷ ತುಂಬಿದ್ದು ಸಂತೋಷ. ಮೊದಲ ಬಿಲ್ಲಿನ ಕರಡಿನಲ್ಲಿ ತಾವು ಒಂದು ಸಾಲನ್ನು ಹೊಡೆದು, ತೂಕದ ಮಾತನ್ನು ಬರೆದದ್ದು ನಮ್ಮ ಕಡತದಲ್ಲಿ ಈಗಲೂ ಇದೆ. ಅಂದಿನಿಂದ ಇಂದಿನವರೆಗೆ ಆ ಸಾಲನ್ನು ತೆಗೆಯಿರಿ ಎಂದು ತಾವು ಹೇಳಿದ್ದಿಲ್ಲ. ತಮಗೂ ಅಂಗಡಿಯಲ್ಲಿ ದುಡಿಯುವ ಎಲ್ಲರಿಗೂ ನಮ್ಮ ನಮಸ್ಕಾರ.’

ಕೈಬರಹದಲ್ಲಿ ಎಂಟೇ ಸಾಲು. ಇದರಲ್ಲಿ ಹೊಗಳಿಕೆಯ ಒಂದು ವಿಶೇಷಣವೂ ಇಲ್ಲ. ಪ್ರಾಮಾಣಿಕರು ಎಂದು ಬರೆದಿದ್ದರೆ ಅದು ಯಾರಿಗೂ ಒಪ್ಪುವ ಮಾತಾಗುತ್ತಿತ್ತು. ಹೊಡೆದುಹಾಕಿದ ಸಾಲು ಅವರೊಬ್ಬರದೇ.

ಇಂಥ ಸಂಗತಿಯನ್ನು ಆರಿಸುವಲ್ಲಿ ಎಚ್ಚರವೂ ಬೇಕು. ವಹಿವಾಟಿನಲ್ಲಿ ನಮಗೆ ತಿಳಿದದ್ದೆಲ್ಲ ನಮ್ಮ ಸೊತ್ತಲ್ಲ. ಯಾವ ವರ್ಷ ಎಷ್ಟು ಚೀಲ ಹೋಯಿತು, ಯಾವಾಗ ಕೈಕಟ್ಟಿತ್ತು, ಅಣ್ಣತಮ್ಮಂದಿರ ಪಾಲು ಎಂದು ಆಯಿತು—ಇವನ್ನು ಅವರೇ ನಾಲ್ಕು ಜನರ ಮುಂದೆ ಹೇಳದಿರುವಾಗ ನಾವು ಬರೆಯಬಾರದು. ಸಮಾರಂಭದಲ್ಲಿ ಪತ್ರವನ್ನು ಯಾರಾದರೂ ಗಟ್ಟಿಯಾಗಿ ಓದಿಯಾರು ಎಂದುಕೊಂಡೇ ಬರೆಯುವುದು ಲೇಸು. ಗಿರಾಕಿ ಸರ್ಕಾರದ ಉದ್ಯಮವೋ ಸಹಕಾರ ಸಂಘವೋ ಆಗಿದ್ದರೆ ಪತ್ರ ಕಚೇರಿಯ ವಿಳಾಸಕ್ಕೆ ಹೋಗಲಿ. ಅಧಿಕಾರಿಯ ಮನೆಗೆ ಉಡುಗೊರೆಯ ಪೆಟ್ಟಿಗೆ ಹೋದರೆ ಅದನ್ನು ಪಡೆದವರಿಗೇ ತೊಡಕು. ಪತ್ರಿಕೆಯಲ್ಲಿ ಶುಭಾಶಯದ ಜಾಹೀರಾತು ಕೊಡುವ ಮನಸ್ಸಿದ್ದರೆ ಅವರನ್ನು ಮೊದಲೇ ಕೇಳಬೇಕು. ಸದ್ದಿಲ್ಲದೆ ದಿನ ಕಳೆಯಬೇಕೆನ್ನುವವರೂ ಇರುತ್ತಾರೆ.

ಪತ್ರ ಸಮಾರಂಭದ ವಾರದಲ್ಲಿ ತಲುಪಿದರೆ ಚೆನ್ನ. ತಡವಾದರೆ ಕಾರಣಗಳ ಪಟ್ಟಿ ಬೇಡ. ಆ ವರ್ಷವೆಲ್ಲ ಅವರ ಹಬ್ಬದ ವರ್ಷವೇ. ಈಗ ವಾಟ್ಸಪ್ಪಿನಲ್ಲಿ ಹೂಗುಚ್ಛದ ಚಿತ್ರ ಕಳುಹಿಸುವುದು ಒಂದು ನಿಮಿಷದ ಕೆಲಸ. ಅದೇ ಚಿತ್ರ ನಲವತ್ತು ಮಂದಿಯಿಂದ ಬಂದಿರುತ್ತದೆಂಬುದು ಪಡೆದವರಿಗೆ ಗೊತ್ತು. ಸಾಧನ ಯಾವುದಾದರೂ ಆಗಲಿ, ಅದೊಂದು ಸಂಗತಿ ಅದರಲ್ಲಿದ್ದರೆ ಸರಿ.

ಪತ್ರ ಮುಟ್ಟಿತೋ ಇಲ್ಲವೋ ಎಂಬುದು ಉತ್ತರದಿಂದ ತಿಳಿಯುತ್ತದೆ. ಅಚ್ಚಾದ ಧನ್ಯವಾದ ಬಂದರೆ ಅದು ಅಂಚೆಗೆ ಉತ್ತರ. ನಾವು ಹೇಳಿದ ಸಂಗತಿಗೆ ಅವರು ತಮ್ಮದೊಂದನ್ನು ಸೇರಿಸಿದರೆ ಮಾತು ಮನಸ್ಸಿಗೆ ಹೋಗಿದೆ. ನನ್ನ ಎಂಟು ಸಾಲಿಗೆ ಕಾಗದ ಬರಲಿಲ್ಲ. ಒಂದು ಸಂಜೆ ಆ ಹಿರಿಯರು ಮೊಮ್ಮಗನ ಕೈಹಿಡಿದು ಅಚ್ಚುಕೂಟದ ಮೆಟ್ಟಿಲೇರಿ ಬಂದರು. “ಆ ಕರಡು ಎಲ್ಲಿದೆ ತೋರಿಸಿ ಸ್ವಾಮಿ, ಇವನು ನೋಡಬೇಕು” ಎಂದರು. ಹಳದಿಯಾದ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿಟ್ಟೆ. ಅಜ್ಜ ತಾವು ಹೊಡೆದ ಸಾಲಿನ ಮೇಲೆ ಬೆರಳಿಟ್ಟು ಹುಡುಗನಿಗೆ ಅದನ್ನು ಓದಿಸಿದರು. ಆ ಸಂಜೆ ವ್ಯಾಪಾರದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.