ಸೀಸ, ತವರ ಮತ್ತು ಒಂದು ಸನ್ನೆಗೋಲು

ಸೀಸವು 327 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗುತ್ತದೆ. ತವರವು 232 ಡಿಗ್ರಿಯಲ್ಲಿ. ಇವೆರಡನ್ನೂ ಬೆರೆಸಿದಾಗ ದೊರೆಯುವ ಬೆಸುಗೆಯಾದರೋ 183 ಡಿಗ್ರಿಯಲ್ಲಿಯೇ ಕರಗತೊಡಗುತ್ತದೆ. ಹಿಂದೆ ಸೀಸದ ಕೊಳವೆಗಳನ್ನು ಜೋಡಿಸುತ್ತಿದ್ದವರು ಸುಮಾರು ಮೂರನೆಯ ಒಂದು ಭಾಗ ತವರವುಳ್ಳ ಬೆಸುಗೆಯನ್ನು ಬಳಸುತ್ತಿದ್ದರು. ಅದು ತಟ್ಟನೆ ಗಟ್ಟಿಯಾಗದೆ ಕೆಲ ಹೊತ್ತು ಅಂಬಲಿಯಂತಿದ್ದು, ಬಟ್ಟೆಯಿಂದ ಸವರಿ ಸಂದನ್ನು ರೂಪಿಸಲು ಅವಕಾಶ ಕೊಡುತ್ತಿತ್ತು. ಹೀಗೇಕೆ? ಉತ್ತರವು ಪ್ರಾವಸ್ಥಾಚಿತ್ರದಲ್ಲಿದೆ.

ಈ ಚಿತ್ರದ ಅಡ್ಡರೇಖೆಯು ತೂಕದಲ್ಲಿ ತವರದ ಶೇಕಡಾ ಪ್ರಮಾಣವನ್ನೂ ನಿಲುವುರೇಖೆಯು ಉಷ್ಣತೆಯನ್ನೂ ಸೂಚಿಸುತ್ತವೆ. ಎಡಬದಿಯಲ್ಲಿ 327ರಿಂದ, ಬಲಬದಿಯಲ್ಲಿ 232ರಿಂದ ಎರಡು ರೇಖೆಗಳು ಇಳಿದುಬಂದು, ಶೇಕಡಾ 62 ತವರವಿರುವಲ್ಲಿ 183 ಡಿಗ್ರಿಯಲ್ಲಿ ಸಂಧಿಸುತ್ತವೆ. ಇದೇ ಯೂಟೆಕ್ಟಿಕ್ ಬಿಂದು. ಈ ರೇಖೆಗಳ ಮೇಲೆ ಎಲ್ಲವೂ ದ್ರವ. 183 ಡಿಗ್ರಿಯ ಮಟ್ಟದಲ್ಲಿ ಎಳೆದ ಸಮರೇಖೆಯ ಎಡತುದಿ ಶೇಕಡಾ 18. ತವರವನ್ನು ಕರಗಿಸಿಕೊಂಡ ಸೀಸದ ಘನ, ಅಂದರೆ ಆಲ್ಫಾ, ತನ್ನೊಳಗೆ ಇರಿಸಿಕೊಳ್ಳಬಲ್ಲ ತವರದ ಗರಿಷ್ಠ ಮಿತಿಯಿದು.

ಶೇಕಡಾ 29 ತವರವುಳ್ಳ 100 ಗ್ರಾಂ ಬೆಸುಗೆಯನ್ನು ನಿಧಾನವಾಗಿ ತಣಿಸೋಣ. 260 ಡಿಗ್ರಿಯ ಆಸುಪಾಸಿನಲ್ಲಿ ಆಲ್ಫಾ ಹರಳುಗಳು ಮೂಡತೊಡಗುತ್ತವೆ. 183ಕ್ಕಿಂತ ತುಸು ಮೇಲೆ ನಿಂತು ನೋಡಿದರೆ ಘನದಲ್ಲಿ ಶೇಕಡಾ 18, ದ್ರವದಲ್ಲಿ ಶೇಕಡಾ 62 ತವರವಿರುತ್ತದೆ. ಯಾವುದು ಎಷ್ಟಿದೆ?

18ರಿಂದ 62ರವರೆಗಿನ ಗೆರೆಯನ್ನು ಸನ್ನೆಗೋಲೆಂದು ಭಾವಿಸಿ, 29ರಲ್ಲಿ ಆಧಾರವನ್ನಿಡಿ. ಘನದ ಕಡೆಯ ತೋಳು 11, ದ್ರವದ ಕಡೆಯದು 33, ಇಡೀ ಗೆರೆ 44. ತಕ್ಕಡಿಯಲ್ಲಿ ಭಾರವಾದ ವಸ್ತು ಆಧಾರಕ್ಕೆ ಹತ್ತಿರವಿದ್ದರೆ ಸಮತೋಲವಾಗುವಂತೆ, ಇಲ್ಲಿಯೂ ಒಂದರ ಪಾಲು ಅದರ ಎದುರು ತೋಳಿನಿಂದ ದೊರೆಯುತ್ತದೆ:

ಘನ = 33/44 = 3/4
ದ್ರವ = 11/44 = 1/4

ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವುದು ತೋಳುಗಳನ್ನು ಅದಲುಬದಲು ಮಾಡಿ. ತವರದ ಲೆಕ್ಕವನ್ನು ನೋಡಿದರೆ ತಪ್ಪು ಬಯಲಾಗುತ್ತದೆ. 75 ಗ್ರಾಂ ಘನದಲ್ಲಿ 13.5 ಗ್ರಾಂ, 25 ಗ್ರಾಂ ದ್ರವದಲ್ಲಿ 15.5 ಗ್ರಾಂ, ಒಟ್ಟು 29. ಸರಿಹೋಯಿತು. ಅದಲುಬದಲು ಮಾಡಿದ್ದರೆ 51 ಗ್ರಾಂ ಬರುತ್ತಿತ್ತು. ನಾವು ಹಾಕಿದ್ದಕ್ಕಿಂತ ಹೆಚ್ಚು ತವರ ಎಲ್ಲಿಂದ ಬರಬೇಕು?

ಮುಕ್ಕಾಲು ಪಾಲು ಹರಳು, ಕಾಲು ಪಾಲು ದ್ರವ: ಬೆಸುಗೆಯ ಅಂಬಲಿತನದ ಗುಟ್ಟು ಇದೇ. ಶೇಕಡಾ 62ರ ಬೆಸುಗೆಗೆ ಈ ನಡುವಣ ಸ್ಥಿತಿಯೇ ಇಲ್ಲ; ಅದು 183ರಲ್ಲಿಯೇ ಪೂರ್ತಿ ಗಟ್ಟಿಯಾಗುತ್ತದೆ.

ಈ ನಿಯಮಕ್ಕೆ ಮಿತಿಯುಂಟು. ಸರಿಯಾಗಿ 183ರಲ್ಲಿ ದ್ರವ ಹಾಗೂ ಎರಡು ಘನಗಳು ಒಟ್ಟಿಗಿರುವುದರಿಂದ ಸನ್ನೆಗೋಲು ಅಲ್ಲಿ ಸಲ್ಲದು. ಅಲ್ಲದೆ ಚಿತ್ರವು ಹೇಳುವುದು ಸಮತೋಲ ಸ್ಥಿತಿಯನ್ನು ಮಾತ್ರ. ಬೇಗನೆ ತಣಿಸಿದರೆ ಮೊದಲು ಮೂಡಿದ ಹರಳಿನ ಒಡಲಿಗೆ ತವರವು ಹರಡಲು ಸಮಯ ಸಾಲದೆ, ದ್ರವವು ಲೆಕ್ಕಕ್ಕಿಂತ ಹೆಚ್ಚು ಉಳಿಯುತ್ತದೆ. ಆದುದರಿಂದಲೇ ಶೇಕಡಾ 15 ತವರವುಳ್ಳ ಮಿಶ್ರಲೋಹದಲ್ಲಿ, ಚಿತ್ರದ ಪ್ರಕಾರ ಇರಬಾರದ ಯೂಟೆಕ್ಟಿಕ್ ಭಾಗವು ಕೆಲವೊಮ್ಮೆ ಸೂಕ್ಷ್ಮದರ್ಶಕದಲ್ಲಿ ಕಾಣಿಸಿಕೊಳ್ಳುತ್ತದೆ.