ಚುಕ್ಕೆ ತಪ್ಪಿದ ಈಮೇಲನ್ನು ಸರಿಪಡಿಸುವುದು ಹೇಗೆ?

ಅಪಾರ್ಟ್‌ಮೆಂಟ್ ಒಂದರ ಮ್ಯಾನೇಜರ್, ಸಂಘದ ಕಾರ್ಯದರ್ಶಿಗೆ ಮೊಬೈಲಿನಿಂದ ಆತುರದಲ್ಲಿ ಈಮೇಲ್ ಕಳಿಸುತ್ತಾರೆ ಎಂದುಕೊಳ್ಳಿ. ಅದು ಹೀಗಿದೆ:

"ನಮಸ್ಕಾರ ಸರ್ ನಿನ್ನೆ ಪಂಪ್ ಮೆಕ್ಯಾನಿಕ್ ಬಂದು ಮೋಟಾರ್ ಬಿಚ್ಚಿ ನೋಡಿದ ವೈಂಡಿಂಗ್ ಸುಟ್ಟುಹೋಗಿದೆ ರಿವೈಂಡಿಂಗ್ ಮಾಡಿಸಿದರೆ ಸಾಕು ಅಂತ ಹೇಳಿದ ಕೊಟೇಶನ್ ಕಳಿಸಿದ್ದೇನೆ ಸೋಮವಾರ ಕಮಿಟಿಯವರಿಗೆ ತೋರಿಸಿ ಒಪ್ಪಿದರೆ ಅಡ್ವಾನ್ಸ್ 8000 ಕಳಿಸಿ ಕೆಲಸ ಶುರು ಮಾಡಿಸುತ್ತೇನೆ ಬ್ಲಾಕ್ 2 3 ಮನೆಯವರು ನೀರಿನ ಹಣ ಇನ್ನೂ ಕೊಟ್ಟಿಲ್ಲ ನೀವೇ ಒಮ್ಮೆ ಹೇಳಿ"

ಇದು ಮಾದರಿಗೆಂದು ನಾನೇ ಕಟ್ಟಿದ್ದು. ಆದರೆ ಇಂಥ ಪತ್ರ ಬಾರದ ಇನ್‌ಬಾಕ್ಸ್ ಈಗ ಅಪರೂಪ. ಒಂದೂ ಚುಕ್ಕೆಯಿಲ್ಲದಿದ್ದರೂ ಬಹುಪಾಲು ಅರ್ಥವಾಗುತ್ತದೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. "ಕಳಿಸಿದ್ದೇನೆ", "ಕೊಟ್ಟಿಲ್ಲ" ಎಂದ ಕೂಡಲೇ ಮಾತು ಮುಗಿಯಿತೆಂದು ಓದುಗರಿಗೆ ತಾನಾಗಿ ತಿಳಿಯುತ್ತದೆ. ಪದಗಳ ನಡುವೆ ಜಾಗವನ್ನೂ ಬಿಡದೆ ಬರೆದ ತಾಳೆಗರಿಗಳನ್ನು ನಮ್ಮ ಹಿರಿಯರು ಓದಿಕೊಂಡು ಬಂದದ್ದಕ್ಕೆ ಈ ಗುಣವೂ ಒಂದು ಆಸರೆ.

ತೊಂದರೆ ಇರುವುದು ಉಳಿದ ಕೆಲವು ಜಾಗಗಳಲ್ಲಿ. ಮೇಲಿನ ಪತ್ರದಲ್ಲಿ ಎಂಟು ಸಾವಿರ ರೂಪಾಯಿಯನ್ನು ಯಾರು ಕಳಿಸಬೇಕು? ಕಾರ್ಯದರ್ಶಿ ಕಳಿಸಬೇಕೋ, ಮ್ಯಾನೇಜರ್ ತಾವೇ ಕಳಿಸುತ್ತಾರೋ? ಎಷ್ಟು ಸಲ ಓದಿದರೂ ಇತ್ಯರ್ಥವಾಗುವುದಿಲ್ಲ. ಇಬ್ಬರೂ ಇನ್ನೊಬ್ಬರು ಕಳಿಸಿದ್ದಾರೆಂದು ಸುಮ್ಮನಿದ್ದರೆ ಕಟ್ಟಡಕ್ಕೆ ನೀರಿಲ್ಲ.

ಇದರ ಮೂಲ "ಕಳಿಸಿ" ಎಂಬ ರೂಪದಲ್ಲಿದೆ. ಕನ್ನಡದಲ್ಲಿ ಇದು ಎರಡು ಕೆಲಸ ಮಾಡುತ್ತದೆ. ಒಂದು, ಗೌರವದಿಂದ ಹೇಳುವ ವಿಧಿ: "ನೀವು ಹಣ ಕಳಿಸಿ." ಇನ್ನೊಂದು, ಮುಂದಿನ ಕ್ರಿಯೆಗೆ ಕೊಂಡಿಯಾಗುವ ಅಪೂರ್ಣ ಕ್ರಿಯೆ: "ಹಣ ಕಳಿಸಿ ಬಂದೆ." ಮಾತಿನಲ್ಲಿ ದನಿಯ ಇಳಿತ ಎರಡನ್ನೂ ಬೇರೆ ಮಾಡುತ್ತದೆ. ಬರಹದಲ್ಲಿ ಆ ಇಳಿತದ ಜಾಗದಲ್ಲಿರುವುದು ಚುಕ್ಕೆ ಮಾತ್ರ. ಅದು ಬಿದ್ದುಹೋದರೆ ಕೇಳಿಕೊಂಡ ಮಾತು, ಮಾಡುತ್ತೇನೆಂದು ಕೊಟ್ಟ ಮಾತಾಗಿ ತಿರುಗುತ್ತದೆ.

ಎಲ್ಲ ಕ್ರಿಯಾಪದಗಳಿಗೂ ಈ ಗೊಂದಲವಿಲ್ಲ. "ಕೊಡು" ಎಂಬುದರ ವಿಧಿರೂಪ "ಕೊಡಿ", ಕೊಂಡಿರೂಪ "ಕೊಟ್ಟು". "ಬನ್ನಿ" ಬೇರೆ, "ಬಂದು" ಬೇರೆ. ಇವುಗಳ ನಡುವೆ ಚುಕ್ಕೆ ಇರದಿದ್ದರೂ ಯಾರೂ ತಪ್ಪಿ ಓದುವುದಿಲ್ಲ. ಆದರೆ ಕಳಿಸಿ, ನೋಡಿ, ತಿಳಿಸಿ, ಮಾಡಿ, ಹಾಕಿ, ಹೇಳಿ, ತೋರಿಸಿ, ಓದಿ ಇವೆಲ್ಲ ಎರಡೂ ಕಡೆ ಒಂದೇ ರೂಪದಲ್ಲಿವೆ. ಕಚೇರಿಯ, ವ್ಯವಹಾರದ ಈಮೇಲುಗಳಲ್ಲಿ ಅತಿ ಹೆಚ್ಚು ಬಳಕೆಯಾಗುವುದೂ ಇವೇ. ಆದ್ದರಿಂದ ಪತ್ರ ಸರಿಪಡಿಸಲು ಕುಳಿತವರು ಮೊದಲ ಸಾಲಿನಿಂದ ಶುರುಮಾಡಬೇಕಿಲ್ಲ. ಮೊದಲು ಇಂಥ 'ಇ'ಕಾರಾಂತ ರೂಪಗಳನ್ನು ಹುಡುಕಬೇಕು ಎಂಬುದು ನನ್ನ ಅಭಿಪ್ರಾಯ.

ಸಿಕ್ಕಿದ ಪ್ರತಿಯೊಂದಕ್ಕೂ ಒಂದು ಪರೀಕ್ಷೆ ಇದೆ. ಅದರ ಮುಂದೆ "ದಯವಿಟ್ಟು" ಸೇರಿಸಿ ನೋಡಿ. ನೀವು ಹೇಳಬೇಕೆಂದಿದ್ದ ಅರ್ಥವೇ ಉಳಿದರೆ ಅದು ವಿಧಿ; ಅಲ್ಲಿಗೆ ಚುಕ್ಕೆ ಬೇಕು. ಬದಲಿಗೆ "ಕಳಿಸಿದ ಮೇಲೆ" ಎಂದು ಓದಿದಾಗ ಅರ್ಥ ಕೂಡಿದರೆ ಅದು ಕೊಂಡಿ. ಅಲ್ಲಿ ಚುಕ್ಕೆ ಇಡಬಾರದು. ನಮ್ಮ ಪತ್ರದ "ಮೋಟಾರ್ ಬಿಚ್ಚಿ" ಕೊಂಡಿ. ಉದ್ದವಾಯಿತೆಂದು ಅಲ್ಲಿ ಚುಕ್ಕೆ ಇಟ್ಟರೆ ಮೋಟಾರ್ ಬಿಚ್ಚಲು ಕಾರ್ಯದರ್ಶಿಗೇ ಅಪ್ಪಣೆ ಕೊಟ್ಟಂತಾಗುತ್ತದೆ. ಬಂದು, ಬಿಚ್ಚಿ, ನೋಡಿ, ಹೇಳಿದರು ಎಂದು ಸಾಗುವ ಸಾಲು ಎಷ್ಟು ಉದ್ದವಿದ್ದರೂ ಒಂದೇ ವಾಕ್ಯ, ಅದರಲ್ಲಿ ದೋಷವಿಲ್ಲ. ಸಾಲಿನ ಉದ್ದ ಅಳೆದು ಕತ್ತರಿಸುವವರು ಎಡವುವುದು ಇಲ್ಲೇ.

ಅನೇಕರು ಚುಕ್ಕೆಯ ಬದಲು ಅಲ್ಪವಿರಾಮ ಹಾಕಿ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. "ಅಡ್ವಾನ್ಸ್ 8000 ಕಳಿಸಿ, ಕೆಲಸ ಶುರು ಮಾಡಿಸುತ್ತೇನೆ" ಎಂದು ಬರೆದರೆ ಏನೂ ಬದಲಾಗುವುದಿಲ್ಲ. ಅಪೂರ್ಣ ಕ್ರಿಯೆಯ ಮುಂದೆ ಅಲ್ಪವಿರಾಮ ಹಾಕುವುದು ಕನ್ನಡದಲ್ಲಿ ರೂಢಿಯೇ ಆಗಿರುವುದರಿಂದ ಎರಡು ಅರ್ಥಗಳೂ ಹಾಗೇ ನಿಲ್ಲುತ್ತವೆ. ಇಲ್ಲಿ ಪೂರ್ಣವಿರಾಮವೇ ಆಗಬೇಕು. ಹಣದ ವಿಷಯವಾದರೆ ಅದೊಂದನ್ನೇ ನೆಚ್ಚಿಕೊಳ್ಳದೆ ಪದವನ್ನೂ ಬದಲಿಸುವುದು ಒಳ್ಳೆಯದು. "ಕಳಿಸಿಕೊಡಿ" ಎಂದರೆ ವಿಧಿ ಮಾತ್ರ, ಏಕೆಂದರೆ ಅದರ ಕೊಂಡಿರೂಪ "ಕಳಿಸಿಕೊಟ್ಟು". "ಕಳಿಸಿರಿ" ಎಂದರೂ ಸರಿ. ಮುಂದಿನ ವಾಕ್ಯಕ್ಕೆ ನಾವು ಸಾಮಾನ್ಯವಾಗಿ ಬಿಟ್ಟುಬಿಡುವ "ನಾನು" ಸೇರಿಸಿದರೆ ಯಾರು ಏನು ಮಾಡಬೇಕೆಂಬುದು ಇನ್ನಷ್ಟು ಗಟ್ಟಿಯಾಗುತ್ತದೆ.

ಎರಡನೆಯ ಅಪಾಯದ ಜಾಗ "ಹೇಳಿದ", "ನೋಡಿದ", "ಬಂದ" ಎಂಬ ರೂಪಗಳು. ಆಡುಮಾತಿನಲ್ಲಿ "ಅವನು ಹೇಳಿದ" ಎಂದರೆ ಮಾತು ಮುಗಿಯುತ್ತದೆ. ಅದೇ "ಹೇಳಿದ" ಮುಂದಿನ ನಾಮಪದಕ್ಕೆ ವಿಶೇಷಣವಾಗಿಯೂ ನಿಲ್ಲುತ್ತದೆ: "ಹೇಳಿದ ಮಾತು." ನಮ್ಮ ಪತ್ರದಲ್ಲಿ "ಹೇಳಿದ ಕೊಟೇಶನ್ ಕಳಿಸಿದ್ದೇನೆ" ಎಂದಿದೆ. ಮೆಕ್ಯಾನಿಕ್ ಬಾಯಿಮಾತಿನಲ್ಲಿ ಹೇಳಿದ ದರವನ್ನು ಮ್ಯಾನೇಜರ್ ಬರೆದು ಕಳಿಸಿದ್ದಾರೆಯೇ, ಅಥವಾ ಮೆಕ್ಯಾನಿಕ್ ಹೇಳಿದ್ದು ಬೇರೆ, ಕೊಟೇಶನ್ ಬೇರೆಯವರದೇ? ಕಮಿಟಿಯಲ್ಲಿ ಯಾರಾದರೂ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. "ಹೇಳಿದರು" ಎಂದು ಬಹುವಚನದಲ್ಲಿ ಬರೆದರೆ ಗೊಂದಲವೂ ತೀರುತ್ತದೆ, ಮೆಕ್ಯಾನಿಕ್‌ಗೆ ಸಲ್ಲಬೇಕಾದ ಗೌರವವೂ ಸಲ್ಲುತ್ತದೆ. ಮಾತನಾಡಿದವರು ಹೆಂಗಸಾಗಿದ್ದರೆ "ಹೇಳಿದಳು", "ಹೇಳಿದರು" ಎರಡರಲ್ಲಿ ಯಾವುದನ್ನು ಬರೆದರೂ ಈ ತೊಡಕು ಹುಟ್ಟುವುದೇ ಇಲ್ಲ.

ಇನ್ನು "ಅಂತ" ಅಥವಾ "ಎಂದು" ಬಂದಾಗ ಸ್ವಲ್ಪ ನಿಧಾನಿಸಬೇಕು. "ಸುಟ್ಟುಹೋಗಿದೆ" ಪೂರ್ಣ ಕ್ರಿಯಾಪದ, ಹಾಗಾಗಿ ಅಲ್ಲಿ ಚುಕ್ಕೆ ಇಡೋಣ ಎನಿಸುತ್ತದೆ. ಇಟ್ಟರೆ ವೈಂಡಿಂಗ್ ಸುಟ್ಟಿದೆ ಎಂಬುದು ಮ್ಯಾನೇಜರ್ ಕೊಟ್ಟ ತೀರ್ಪಾಗುತ್ತದೆ. ಮೆಕ್ಯಾನಿಕ್ ಹೇಳಿದ್ದು ರಿವೈಂಡಿಂಗ್ ವಿಷಯ ಮಾತ್ರ ಎಂದಾಗುತ್ತದೆ. ಆ ಮಾತು ಮೆಕ್ಯಾನಿಕ್‌ರದ್ದಾದರೆ "ಅಂತ" ಬರುವವರೆಗೆ ಅಲ್ಪವಿರಾಮದಲ್ಲೇ ಸಾಗಬೇಕು.

ಕಾಲ ಹೇಳುವ ಪದ ಎರಡು ವಾಕ್ಯಗಳ ನಡುವೆ ಸಿಕ್ಕಿಕೊಂಡಾಗಲೂ ಹೀಗೇ ಆಗುತ್ತದೆ. "ಕಳಿಸಿದ್ದೇನೆ ಸೋಮವಾರ ಕಮಿಟಿಯವರಿಗೆ" ಎಂಬಲ್ಲಿ ಸೋಮವಾರ ಯಾವ ಕಡೆಗೆ ಸೇರಿದ್ದು? ಕ್ರಿಯಾಪದದ ಆಚೆಗೂ ಒಂದು ಪದ ಸೇರಿಸಿ ಮಾತಾಡುವ ಅಭ್ಯಾಸ ನಮಗಿದೆ, ಆದ್ದರಿಂದ ಎರಡೂ ಸಾಧ್ಯ. ಅಂಕಿಗಳು ಇನ್ನೂ ಮೋಸಗೊಳಿಸುತ್ತವೆ. "ಬ್ಲಾಕ್ 2 3 ಮನೆಯವರು" ಎಂದರೆ ಎರಡನೆಯ ಬ್ಲಾಕಿನ ಮೂರು ಮನೆಗಳೋ, ಬ್ಲಾಕಿನಲ್ಲಿ ಎರಡು-ಮೂರು ಮನೆಗಳೋ ತಿಳಿಯುವುದಿಲ್ಲ. ಅಂಕಿಯ ಪಕ್ಕ ಅಂಕಿ ಬಂದಾಗ ಒಂದನ್ನು ಅಕ್ಷರದಲ್ಲಿ ಬರೆಯುವುದೇ ಸರಿಯಾದ ದಾರಿ. ಅಲ್ಲಿ ಚುಕ್ಕೆ ಇಟ್ಟರೆ ಅದು ದಶಮಾಂಶ ಬಿಂದುವಿನಂತೆ ಕಾಣುತ್ತದೆ.

ಇಷ್ಟನ್ನು ನೋಡಿದ ಮೇಲೆ ಪತ್ರ ಹೀಗಾಗುತ್ತದೆ:

"ನಮಸ್ಕಾರ ಸರ್.

ನಿನ್ನೆ ಪಂಪ್ ಮೆಕ್ಯಾನಿಕ್ ಬಂದು ಮೋಟಾರ್ ಬಿಚ್ಚಿ ನೋಡಿದರು. ವೈಂಡಿಂಗ್ ಸುಟ್ಟುಹೋಗಿದೆ, ರಿವೈಂಡಿಂಗ್ ಮಾಡಿಸಿದರೆ ಸಾಕು ಎಂದು ಹೇಳಿದರು. ಅವರೇ ಕೊಟ್ಟ ಕೊಟೇಶನ್ ಕಳಿಸಿದ್ದೇನೆ. ಸೋಮವಾರ ಅದನ್ನು ಕಮಿಟಿಯವರಿಗೆ ತೋರಿಸಿರಿ. ಅವರು ಒಪ್ಪಿದರೆ ಅಡ್ವಾನ್ಸ್ 8000 ರೂಪಾಯಿ ಕಳಿಸಿಕೊಡಿ. ಹಣ ಬಂದ ಮೇಲೆ ನಾನು ಕೆಲಸ ಶುರು ಮಾಡಿಸುತ್ತೇನೆ.

ಬ್ಲಾಕ್ 2ರಲ್ಲಿ ಮೂರು ಮನೆಯವರು ನೀರಿನ ಹಣ ಇನ್ನೂ ಕೊಟ್ಟಿಲ್ಲ. ನೀವೇ ಒಮ್ಮೆ ಅವರಿಗೆ ಹೇಳಿ."

ಪದಗಳು ಹೆಚ್ಚೇನೂ ಬದಲಾಗಿಲ್ಲ. ಆದರೆ ಇಷ್ಟು ಖಚಿತವಾಗಿ ತಿದ್ದಲು ಸಾಧ್ಯವಾದದ್ದು ಬರೆದವರ ಮನಸ್ಸಿನಲ್ಲಿ ಏನಿತ್ತೆಂದು ನನಗೆ ಗೊತ್ತಿರುವುದರಿಂದ. ಬೇರೆಯವರ ಪತ್ರವನ್ನು ತಿದ್ದಿ ಮುಂದಕ್ಕೆ ಕಳಿಸುವ ಗುಮಾಸ್ತರಿಗೆ, ಕಾರ್ಯದರ್ಶಿಗೆ ಈ ಅನುಕೂಲವಿಲ್ಲ. ಅವರು "ಕಳಿಸಿ"ಯ ಮುಂದೆ ಚುಕ್ಕೆ ಇಟ್ಟರೆ, ಎರಡು ಅರ್ಥಗಳಲ್ಲಿ ಒಂದನ್ನು ತಾವೇ ಆರಿಸಿ ಬರೆದವರ ಹೆಸರಿಗೆ ಹಚ್ಚಿದಂತೆ. ಅಂಥಲ್ಲಿ ತಿದ್ದಬಾರದು, ಕೇಳಬೇಕು. "ಅಡ್ವಾನ್ಸ್ ನಾವು ಕಳಿಸಬೇಕೆಂದು ತಿಳಿದಿದ್ದೇನೆ, ಸರಿಯೇ?" ಎಂದು ಒಂದು ಸಾಲಿನ ಉತ್ತರ ಬರೆದರೆ ಸಾಕು. ಪೂರ್ಣ ಕ್ರಿಯಾಪದ ಸ್ಪಷ್ಟವಾಗಿರುವ ಕಡೆ, ಅಂದರೆ "ಕೊಟ್ಟಿಲ್ಲ", "ಮಾಡಿಸುತ್ತೇನೆ" ಇಂಥವುಗಳ ಮುಂದೆ, ಯಾರು ಬೇಕಾದರೂ ಧೈರ್ಯವಾಗಿ ಚುಕ್ಕೆ ಇಡಬಹುದು.

ಮೊಬೈಲಿನಲ್ಲೇ ಚುಕ್ಕೆ ಏಕೆ ಇಷ್ಟು ತಪ್ಪುತ್ತದೆ? ಚಾಟ್‌ನಲ್ಲಿ ಒಂದು ಮಾತು ಬರೆದು ಕಳಿಸಿದರೆ ಅದೇ ಒಂದು ಗುಳ್ಳೆಯಾಗಿ ಮುಗಿಯುತ್ತದೆ, ಚುಕ್ಕೆ ಬೇಕೇ ಆಗುವುದಿಲ್ಲ. ಆ ಕೈ ಈಮೇಲಿಗೂ ಬರುತ್ತದೆ. ಕೀಬೋರ್ಡ್ ಸೂಚಿಸಿದ ಪದವನ್ನು ಒತ್ತಿದರೆ ಮುಂದಿನ ಜಾಗವೂ ತಾನಾಗಿ ಬೀಳುತ್ತದೆ, ಬೆರಳು ನೇರವಾಗಿ ಮುಂದಿನ ಪದಕ್ಕೆ ಹೋಗುತ್ತದೆ. ಬಾಯಲ್ಲಿ ಹೇಳಿ ಬರೆಸುವವರಂತೂ ಚುಕ್ಕೆ ತಾನಾಗಿ ಬೀಳುತ್ತದೆಂದು ನಂಬುವಂತಿಲ್ಲ. ಇಂಗ್ಲಿಷಿನಲ್ಲಿ ಹೊಸ ವಾಕ್ಯದ ಮೊದಲ ಅಕ್ಷರ ದೊಡ್ಡದಾಗಿ ಕಾಣುವುದರಿಂದ ಚುಕ್ಕೆ ಮಸುಕಾದರೂ ವಾಕ್ಯದ ಆರಂಭ ಕಣ್ಣಿಗೆ ಬೀಳುತ್ತದೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರವಿಲ್ಲ. ಎಲ್ಲ ಭಾರ ಚುಕ್ಕೆಯ ಮೇಲೆಯೇ.

ಚುಕ್ಕೆ ಇಡುವುದನ್ನು ಸುಲಭ ಮಾಡಿಕೊಳ್ಳಲು ಒಂದು ದಾರಿ ಇದೆ. ಸ್ಪೇಸ್ ಕೀಲಿಯನ್ನು ಬೇಗಬೇಗನೆ ಎರಡು ಸಲ ಒತ್ತಿದರೆ ಚುಕ್ಕೆ ಮತ್ತು ಜಾಗ ಒಟ್ಟಿಗೆ ಬೀಳುವ ಸೌಲಭ್ಯ ಐಫೋನಿನಲ್ಲೂ ಜಿಬೋರ್ಡ್‌ನಲ್ಲೂ ಇದೆ. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಅದರ ಸ್ವಿಚ್ ಆನ್ ಆಗಿರಬೇಕು. ನಿಮ್ಮ ಕನ್ನಡ ಕೀಲಿಮಣೆಯಲ್ಲಿ ಅದು ಕೆಲಸ ಮಾಡುತ್ತದೆಯೇ ಎಂದು ಒಮ್ಮೆ ಒತ್ತಿ ನೋಡಿಕೊಳ್ಳಿ. ಪತ್ರ ಮುಗಿದ ಮೇಲೆ ಕೊನೆಯ ವಾಕ್ಯದಿಂದ ಮೇಲಕ್ಕೆ ಒಂದೊಂದಾಗಿ ಓದಿಕೊಂಡು ಹೋಗುವುದೂ ಉಪಯುಕ್ತ. ಕೆಳಗಿನಿಂದ ಓದುವಾಗ ಹೇಳಬೇಕೆಂದಿದ್ದ ಕತೆಯ ಓಟ ನಮ್ಮನ್ನು ಎಳೆದುಕೊಂಡು ಹೋಗುವುದಿಲ್ಲ, ಎರಡು ವಾಕ್ಯ ಅಂಟಿಕೊಂಡ ಜಾಗ ಬೇಗ ಕಾಣುತ್ತದೆ.

ಕಳಿಸಿದ ಕ್ಷಣಕ್ಕೇ ತಪ್ಪು ಹೊಳೆದರೆ ಜೀಮೇಲ್‌ನಲ್ಲಿ ಪತ್ರವನ್ನು ಹಿಂದಕ್ಕೆ ಪಡೆಯಬಹುದು. ಕಂಪ್ಯೂಟರಿನಲ್ಲಿ ಜೀಮೇಲ್ ತೆರೆದು ಸೆಟ್ಟಿಂಗ್ಸ್‌ನಲ್ಲಿ Undo Send ಎಂಬಲ್ಲಿ 5, 10, 20, 30 ಸೆಕೆಂಡುಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು. 30ಕ್ಕೇ ಇಟ್ಟುಕೊಳ್ಳಿ, ಅಷ್ಟು ಹೊತ್ತು ಪತ್ರದಲ್ಲಿರುವ ಒಂದೆರಡು "ಕಳಿಸಿ", "ಮಾಡಿ"ಗಳನ್ನು ಮತ್ತೆ ನೋಡಲು ಸಾಲುತ್ತದೆ.